ಬೂಷ್ಟು ಹಿಡಿದ ದಪ್ಪ ಕರ್ಟನ್: ಮಷಿನ್ನೋ, ಡ್ರೈ ಕ್ಲೀನಿಂಗೋ, ಟಬ್ಬೋ?

ಮಂಗಳೂರಿನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಹಾಲಿನ ಮೂರೂ ಕರ್ಟನ್‌ಗಳ ಕೆಳಗಂಚಿನಲ್ಲಿ ಕಪ್ಪು ಚುಕ್ಕೆ ಎದ್ದಿತ್ತು. ದಪ್ಪ ಹತ್ತಿ ಬಟ್ಟೆ, ಕಡು ಕೆಂಪು, ಹಿಂದೆ ಬಿಳಿ ಲೈನಿಂಗ್, ಉದ್ದ 84 ಇಂಚು. ಮೂರನ್ನೂ ಮೂರು ರೀತಿ ತೊಳೆದು ನೋಡೋಣ ಅಂದುಕೊಂಡೆ.

ಮೊದಲು ಎಲ್ಲವನ್ನೂ ಅಂಗಳದಲ್ಲಿ ಕೊಡವಿ, ಒಣ ಬ್ರಷ್‌ನಿಂದ ಬೂಷ್ಟು ಉದುರಿಸಿದೆ. ಧೂಳಿದ್ದಂತೆಯೇ ನೀರಿಗೆ ಹಾಕಿದರೆ ಅದು ಕೆಸರಾಗಿ ನೂಲಿಗೇ ಅಂಟಿಕೊಳ್ಳುತ್ತದೆ. ಆಮೇಲೆ ಒದ್ದೆ ಬಿಳಿ ಬಟ್ಟೆಯಿಂದ ಒಳಮಡಿಕೆ ಉಜ್ಜಿದೆ. ಸ್ವಲ್ಪ ಗುಲಾಬಿ ಹತ್ತಿತು. ಅಂದರೆ ಈ ಬಟ್ಟೆ ಬಣ್ಣ ಬಿಡುತ್ತದೆ.

ಅಷ್ಟು ತಿಳಿದೂ ಒಂದನ್ನು ಮಷಿನ್‌ನಲ್ಲಿ 40 ಡಿಗ್ರಿಗೆ ಹಾಕಿದೆ. ಬೂಷ್ಟಿಗೆ ಬಿಸಿನೀರೇ ಬೇಕು ಅನ್ನುವ ನಂಬಿಕೆ! ವಾಸನೆ ಹೋಯಿತು ನಿಜ. ಆದರೆ ಒಣಗಿದ ಮೇಲೆ ಉದ್ದ 81 ಇಂಚು. ಲೈನಿಂಗ್ ಅಷ್ಟು ಕುಗ್ಗಲಿಲ್ಲ, ಹಾಗಾಗಿ ಲಂಗದ ಕೆಳಗಿನ ಒಳಲಂಗದಂತೆ ಇಣುಕುತ್ತಿತ್ತು. ಅದೂ ಗುಲಾಬಿ ಬಣ್ಣದಲ್ಲಿ.

ಎರಡನೆಯದು ಡ್ರೈ ಕ್ಲೀನಿಂಗ್‌ಗೆ ಹೋಯಿತು. ಅಳತೆ, ಬಣ್ಣ ಎರಡೂ ಹಾಗೇ ಉಳಿದವು, ಇಸ್ತ್ರಿಯೂ ಚೆನ್ನಾಗಿತ್ತು. ಆದರೆ ವಾರ ಕಳೆಯುವಷ್ಟರಲ್ಲಿ ಹಳೆ ಮುಗ್ಗಲು ವಾಸನೆ ಮತ್ತೆ ಬಂತು. ಅಲ್ಲಿನ ದ್ರಾವಕ ಎಣ್ಣೆ ಜಿಡ್ಡಿಗೆ ಒಳ್ಳೆಯದು, ನೀರಿಗೆ ಬಿಡುವ ಕೊಳೆಗೆ ಅಷ್ಟಕ್ಕಷ್ಟೆ.

ಮೂರನೆಯದಕ್ಕೆ ಟಬ್. 20 ಲೀಟರ್ ತಣ್ಣೀರಿಗೆ ನಾಲ್ಕು ಲೋಟ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ಮಾತ್ರ ನೆನೆಸಿದೆ. ಜಾಸ್ತಿ ಬಿಟ್ಟರೆ ಬಣ್ಣ ಇಳಿಯುತ್ತದೆ. ನೀರು ಕಡಕ್ ಚಹಾದ ಹಾಗಾಯಿತು. ಅದನ್ನು ಚೆಲ್ಲಿ, ಒಮ್ಮೆ ಜಾಲಿಸಿ, ಆಮೇಲಷ್ಟೇ ಸೌಮ್ಯವಾದ ಲಿಕ್ವಿಡ್ ಸೋಪಿನ ನೀರಲ್ಲಿ ಕೈಯಿಂದ ಒತ್ತಿ ತೊಳೆದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಹುಳಿಗೆ ಸೋಪಿನ ಶಕ್ತಿ ಕುಂದುತ್ತದೆ. ಬ್ಲೀಚಿಂಗ್ ಪೌಡರ್ ಅಂತೂ ಬೇಡವೇ ಬೇಡ. ಬಣ್ಣ ಹೋಗುವುದು ಒಂದು ಕಡೆ, ವಿನೆಗರ್ ಜೊತೆ ಸೇರಿದರೆ ವಿಷದ ಅನಿಲ ಬರುತ್ತದೆ.

ಹಿಂಡಲಿಲ್ಲ. ಟಬ್ಬಿನ ಅಂಚಿಗೆ ಹಾಕಿ ನೀರು ಬಸಿದು, ಹಸಿಯಿರುವಾಗಲೇ ಅದರದೇ ರಾಡ್‌ಗೆ ತೂಗುಹಾಕಿದೆ. ಒದ್ದೆ ಬಟ್ಟೆಯ ಭಾರವೇ ಅದನ್ನು ಕೆಳಕ್ಕೆ ಎಳೆಯುತ್ತದೆ, ಅಲ್ವಾ? ಕಿಟಕಿ ತೆರೆದು, ಫ್ಯಾನ್ ಹಾಕಿದ್ದೆ. ಒಂದೂವರೆ ದಿನಕ್ಕೆ ಒಣಗಿತು. ಉದ್ದ ಎಂಬತ್ತಮೂರೂವರೆ ಇಂಚು, ಲೈನಿಂಗ್ ಬಿಳಿಯೇ, ವಾಸನೆ ಇಲ್ಲ. ಚುಕ್ಕೆಗಳು ಮಾತ್ರ ಮಸುಕಾಗಿ ಉಳಿದಿವೆ. ಬೂಷ್ಟು ನೂಲಿನೊಳಗೆ ಇಳಿದ ಮೇಲೆ ಕಲೆ ಪೂರ್ತಿ ಹೋಗುವುದು ಕಷ್ಟ.

ನನ್ನ ಮತ ಟಬ್ಬಿಗೆ, ಅದೂ ಹತ್ತಿಗೆ ಮಾತ್ರ. ಮಖಮಲ್ ಅಥವಾ ರೇಷ್ಮೆಯಾದರೆ ಡ್ರೈ ಕ್ಲೀನಿಂಗೇ ಸರಿ. ಕುಗ್ಗಿದ್ದು ಈಗ ಸ್ಟೋರ್ ರೂಮಿನ ಚಿಕ್ಕ ಕಿಟಕಿಗೆ ಹೋಗಿದೆ.