ಐದು ನಿಮಿಷವೋ ಹದಿನೈದೋ: ಒಂದೇ ಚಾನೆಲ್ಲಿಗೆ ಮೂರು ಗ್ರಾಫು ಹಾಕಿ ನೋಡಿದ್ದು

ನಮ್ಮದು ತೊಗರಿ ಬೆಳೆಯ ಯೂಟ್ಯೂಬ್ ಚಾನೆಲ್. ಕಲಬುರಗಿ ಗಂಜ್ ಮಾರುಕಟ್ಟೆಯ ರೇಟು, ಜೇವರ್ಗಿ ಚಿತ್ತಾಪುರ ಕಡೆಯ ಹೊಲಗಳು, ರೋಗ, ಹುಳ, ಔಷಧ. ಇಷ್ಟೇ ನಮ್ಮ ಜಗತ್ತು. ನಾನು ಮಾತಾಡುತ್ತೇನೆ, ನಮ್ಮ ಕಾಕಾನ ಮಗ ಎಡಿಟ್ ಮಾಡುತ್ತಾನೆ. ವಿಡಿಯೊ ಎಷ್ಟು ಉದ್ದ ಇರಬೇಕು ಅನ್ನೋದು ನಮ್ಮಿಬ್ಬರ ಹಳೇ ಜಗಳ. ಅವನಿಗೆ ಐದು ನಿಮಿಷ ಸಾಕು, ನನಗೆ ಹದಿನೈದಾದರೂ ಬೇಕು. ತಮಾಷೆ ಏನಂದರೆ, ಒಂದೇ ಅಂಕಿಅಂಶ ಇಟ್ಟುಕೊಂಡು ಇಬ್ಬರೂ ತಮಗೆ ಬೇಕಾದ ಗ್ರಾಫು ಎಳೆದು ಗೆಲ್ಲಬಹುದು. ಯಾವ ಗ್ರಾಫನ್ನು ನಂಬಬೇಕು ಅಂತ ನೋಡೋಕೆ ಮೂರು ಥರ ಹಾಕಿ ನೋಡಿದೆವು.

ಮೊದಲು ಡೇಟಾ. ಯೂಟ್ಯೂಬ್ ಸ್ಟುಡಿಯೊದ ಅನಾಲಿಟಿಕ್ಸ್‌ನಲ್ಲಿ `Advanced mode` ತೆರೆದು, ಅವಧಿಯನ್ನು `Lifetime` ಮಾಡಿ ಡೌನ್‌ಲೋಡ್ ಕೊಟ್ಟರೆ ಒಂದು ಜಿಪ್ ಫೈಲ್ ಬರುತ್ತದೆ. ಅದರೊಳಗಿನ `Table data.csv` ನಮಗೆ ಬೇಕಾದದ್ದು. `Duration` ಕಾಲಂನಲ್ಲಿ ವಿಡಿಯೊದ ಉದ್ದ ಸೆಕೆಂಡುಗಳಲ್ಲಿ ಇರುತ್ತದೆ. `Average view duration` ಕಾಲಂನಲ್ಲಿ ಒಂದು ವ್ಯೂಗೆ ಸರಾಸರಿ ಎಷ್ಟು ಹೊತ್ತು ನೋಡಿದ್ದಾರೆ ಅನ್ನೋದು 0:04:30 ಥರ ಗಡಿಯಾರದ ರೂಪದಲ್ಲಿ ಇರುತ್ತದೆ. ಎರಡನ್ನೂ ನಿಮಿಷಕ್ಕೆ ತರಬೇಕು, ಇಲ್ಲಾಂದ್ರೆ ಗ್ರಾಫು ಸರಿ ಬರಲ್ಲ. ಉದ್ದ D ಕಾಲಂನಲ್ಲಿ, ಸರಾಸರಿ F ಕಾಲಂನಲ್ಲಿ ಇದ್ದರೆ ಹೀಗೆ:

```
=D2/60
=F2*1440
```

ಆಮೇಲೆ ಜರಡಿ ಹಿಡಿಯೋ ಕೆಲಸ. ಶಾರ್ಟ್ಸ್ ಎಲ್ಲಾ ತೆಗೆದೆವು. ಅಲ್ಲಿ ಬೆರಳಾಡಿಸಿ ಮುಂದೆ ಹೋಗೋ ನೋಟವೇ ಬೇರೆ, ಇದರ ಜೊತೆ ಸೇರಿಸಬಾರದು. ಲೈವ್‌ಗಳನ್ನೂ ತೆಗೆದೆವು. ಒಂದು ತಿಂಗಳು ತುಂಬದ ವಿಡಿಯೊ, ನೂರು ವ್ಯೂ ದಾಟದ ವಿಡಿಯೊ ಇವನ್ನೂ ಬಿಟ್ಟೆವು. ಹೊಸ ವಿಡಿಯೊವನ್ನು ಮೊದಮೊದಲು ನೋಡೋರು ನಮ್ಮ ಖಾಯಂ ಜನ. ಅವರು ಜಾಸ್ತಿ ಹೊತ್ತು ಕೂತು ನೋಡುತ್ತಾರೆ, ಹಾಗಾಗಿ ಸರಾಸರಿ ಸುಮ್ನೆ ಮೇಲೆ ನಿಲ್ಲುತ್ತದೆ.

ಮೊದಲನೆಯದು: ಶೇಕಡಾ ಗ್ರಾಫು

ಇದು ತಮ್ಮನ ಗ್ರಾಫು. ಅಡ್ಡಕ್ಕೆ ಉದ್ದ, ನೆಟ್ಟಗೆ `Average percentage viewed`, ಅಂದರೆ ವಿಡಿಯೊದ ಎಷ್ಟು ಪಾಲು ನೋಡಿದ್ದಾರೆ ಅನ್ನೋದು. ಚುಕ್ಕೆಗಳು ಎಡಗಡೆ ಮೇಲಿಂದ ಬಲಗಡೆ ಕೆಳಕ್ಕೆ ಜಾರಿಕೊಂಡು ಬಂದವು. ಎರಡು ನಿಮಿಷದ ವಿಡಿಯೊಗೆ 70ರ ಹತ್ತಿರ, ಇಪ್ಪತ್ತು ನಿಮಿಷದ್ದಕ್ಕೆ 25. "ನೋಡಣ್ಣಾ, ನಾ ಹೇಳಿದ್ದೇ ಖರೆ ಆತಲ್ಲ" ಅಂದ.

ಆದರೆ ಈ ಗ್ರಾಫು ಹೆಚ್ಚುಕಡಿಮೆ ಯಾವ ಚಾನೆಲ್ಲಿಗೆ ಹಾಕಿದರೂ ಕೆಳಕ್ಕೇ ಜಾರುತ್ತದೆ. ಮೂವತ್ತು ಸೆಕೆಂಡ್ ನೋಡಿ ಎದ್ದು ಹೋದವನು ಎರಡು ನಿಮಿಷದ ವಿಡಿಯೊದಲ್ಲಿ ಶೇಕಡಾ 25 ನೋಡಿದ ಹಾಗೆ, ಇಪ್ಪತ್ತು ನಿಮಿಷದ್ದರಲ್ಲಿ ಎರಡೂವರೆ ನೋಡಿದ ಹಾಗೆ. ಮನುಷ್ಯ ಅದೇ, ತಾಳ್ಮೆ ಅದೇ, ಭಾಗಿಸೋ ಸಂಖ್ಯೆ ಮಾತ್ರ ಬೇರೆ. ಇದರ ಮಾತು ಕೇಳಿ ಹೊರಟರೆ ವಿಡಿಯೊ ಕುಗ್ಗುತ್ತಾ ಹೋಗಿ ಕೊನೆಗೆ ಶಾರ್ಟ್ಸೇ ಗತಿ. ಒಂದೇ ಉದ್ದದ ಎರಡು ವಿಡಿಯೊ ಹೋಲಿಸೋಕೆ ಶೇಕಡಾ ಒಳ್ಳೆಯದು. ಉದ್ದ ಆರಿಸೋಕೆ ಅಲ್ಲ.

ಎರಡನೆಯದು: ನಿಮಿಷದ ಗ್ರಾಫು

ಇದು ನನ್ನದು. ಅಡ್ಡಕ್ಕೆ ಅದೇ ಉದ್ದ, ನೆಟ್ಟಗೆ ಸರಾಸರಿ ನೋಡಿದ ನಿಮಿಷ. ಗೂಗಲ್ ಶೀಟ್ಸ್‌ನಲ್ಲಿ ಎರಡೂ ಕಾಲಂ ಆರಿಸಿ `Scatter chart` ಕೊಟ್ಟರೆ ಆಯಿತು. ಇಲ್ಲಿ ಚುಕ್ಕೆಗಳು ಮೇಲಕ್ಕೆ ಏರುತ್ತವೆ. ನಮ್ಮಲ್ಲಿ ಅತಿ ಜಾಸ್ತಿ ಹೊತ್ತು ನೋಡಿದ್ದು ಅತಿ ಉದ್ದದ ವಿಡಿಯೊಗಳನ್ನೇ. ಹಾಗಾದರೆ ನಾನು ಗೆದ್ದೆ ಅಲ್ವಾ?

ಅಷ್ಟು ಸುಲಭ ಇಲ್ಲ. ಈ ಗ್ರಾಫು ಇನ್ನೊಂದು ಕಡೆಗೆ ವಾಲುತ್ತದೆ. ಮೂರು ನಿಮಿಷದ ವಿಡಿಯೊದಲ್ಲಿ ಸರಾಸರಿ ನಾಲ್ಕು ನಿಮಿಷ ಬರೋಕೆ ದಾರಿಯೇ ಇಲ್ಲ. ಚಿಕ್ಕ ವಿಡಿಯೊಗೆ ತಲೆ ಮೇಲೇ ಸೂರು ಇರುತ್ತದೆ. ಸಾಲದ್ದಕ್ಕೆ ನಾನು ಇದರ ಮೇಲೆ ಟ್ರೆಂಡ್‌ಲೈನ್ ಎಳೆಸಿದೆ. ಶೀಟ್ಸ್ ತಾನಾಗೇ ಕೊಡೋದು ನೇರ ಗೆರೆ. ನೇರ ಗೆರೆಗೆ ಬಾಗೋದು ಗೊತ್ತಿಲ್ಲ, ನಾವು ಹುಡುಕುತ್ತಿರೋದೇ ಬಾಗು, ಅಂದರೆ ಏರಿಕೆ ಸುಸ್ತಾಗೋ ಜಾಗ. ಅದನ್ನು `Polynomial` ಮಾಡಿದರೆ ಬೇರೆ ಆಟ ಶುರು: ಬಲಗಡೆ ತುದಿಯಲ್ಲಿ ಒಂದೆರಡು ಚುಕ್ಕೆ ಇದ್ದರೂ ಸಾಕು, ಗೆರೆ ಅವುಗಳ ಹಿಂದೆ ಓಡಿ ಇಲ್ಲದ ಗುಡ್ಡ ತೋರಿಸುತ್ತದೆ.

ಹಾಗಂತ ಈ ಗ್ರಾಫು ದಂಡ ಅಲ್ಲ. ಶೇಕಡಾ ಗ್ರಾಫಿನಲ್ಲಿ ಕಾಣದ ಎರಡು ಸಂಗತಿ ಇದರಲ್ಲಿ ಕಣ್ಣಿಗೆ ಹೊಡೆದವು. ಒಂದು, ಎಂಟು ನಿಮಿಷದ ಗೆರೆ ದಾಟಿದ ಕೂಡಲೇ ಚುಕ್ಕೆಗಳ ಗುಂಪು. ವಿಡಿಯೊದ ನಡುವೆ ಜಾಹೀರಾತು ಹಾಕಬೇಕಂದರೆ ಎಂಟು ನಿಮಿಷ ಇರಬೇಕು (2020ರ ಜುಲೈಗೆ ಮುಂಚೆ ಹತ್ತು ಇತ್ತು), ಹಾಗಾಗಿ ಆರು ನಿಮಿಷದ ಸರಕನ್ನು 8:05ಕ್ಕೆ ಎಳೆದ ವಿಡಿಯೊಗಳು ಅವು. ಅವುಗಳ ಸರಾಸರಿ ಆರು ನಿಮಿಷದವುಗಳ ಮಟ್ಟದಲ್ಲೇ ಇತ್ತು. ಎರಡು ನಿಮಿಷ ಎಳೆದದ್ದಕ್ಕೆ ನೋಟದಲ್ಲಿ ಏನೂ ಸಿಗಲಿಲ್ಲ.

ಎರಡನೆಯದು ಇದಕ್ಕಿಂತ ದೊಡ್ಡದು. ಚುಕ್ಕೆಗಳು ಒಂದೇ ಮೋಡದ ಥರ ಇರಲಿಲ್ಲ, ಎರಡು ಮೋಡ ಇದ್ದವು. ಗಂಜಿನ ರೇಟಿನ ವಿಡಿಯೊಗಳು ಕೆಳಗೆ ಒಂದು ಸಾಲು, ಹೊಲದ ವಿಡಿಯೊಗಳು ಮೇಲೆ ಇನ್ನೊಂದು. ರೇಟಿನ ವಿಡಿಯೊ ಮೂರು ನಿಮಿಷ ಇರಲಿ, ಏಳು ನಿಮಿಷ ಇರಲಿ, ಜನ ನೋಡೋದು ಒಂದೂವರೆಯಿಂದ ಎರಡು ನಿಮಿಷ. ಕ್ವಿಂಟಲ್‌ಗೆ ಎಷ್ಟು ಅಂತ ಕೇಳಿದರು, ಎದ್ದರು. ಎರಡನ್ನೂ ಕಲಸಿ ಹಾಕಿದ್ದಕ್ಕೇ ನನ್ನ ಗೆರೆ ಅಷ್ಟು ಚೆನ್ನಾಗಿ ಏರಿದ್ದು. ರೇಟಿನವು ಚಿಕ್ಕವು, ಹೊಲದವು ಉದ್ದ. ಏರಿದ್ದರಲ್ಲಿ ಅರ್ಧ ಪಾಲು ವಿಷಯದ್ದು, ಉದ್ದದ್ದಲ್ಲ.

ಮೂರನೆಯದು: ಬೇರೆ ಮಾಡಿ, ಮೆಟ್ಟಿಲು ನೋಡೋದು

ರೇಟಿನ ವಿಡಿಯೊಗಳನ್ನು ಪಕ್ಕಕ್ಕೆ ಇಟ್ಟು, ಹೊಲದ ವಿಡಿಯೊಗಳನ್ನು ಮಾತ್ರ ಉದ್ದದ ಪ್ರಕಾರ ಐದು ಗುಂಪು ಮಾಡಿದೆವು. ಪ್ರತಿ ಗುಂಪಿಗೂ ಸರಾಸರಿಗಳ ಸರಾಸರಿ ತೆಗೆಯಲಿಲ್ಲ, ಮೀಡಿಯನ್ ತೆಗೆದೆವು, ಅಂದರೆ ಸಾಲಾಗಿ ನಿಲ್ಲಿಸಿದರೆ ಸರಿ ನಡುವೆ ಬರೋದು. ಯಾವುದೋ ಒಂದು ವಿಡಿಯೊ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡಿ, ಸಾವಿರಾರು ಜನ ಹತ್ತು ಸೆಕೆಂಡ್ ನೋಡಿ ಬಿಟ್ಟಿರುತ್ತಾರೆ. ಅಂಥದ್ದೊಂದು ಇಡೀ ಗುಂಪನ್ನು ಕೆಳಗೆ ಎಳೆಯಬಾರದು. ಉದ್ದ G ಕಾಲಂನಲ್ಲಿ, ನೋಡಿದ ನಿಮಿಷ H ಕಾಲಂನಲ್ಲಿ ಇದ್ದರೆ 9ರಿಂದ 12 ನಿಮಿಷದ ಗುಂಪಿಗೆ:

```
=MEDIAN(FILTER(H2:H60, G2:G60>=9, G2:G60<12))
```

ನಮಗೆ ಬಂದದ್ದು ಇದು. ಶೇಕಡಾ ಕಾಲಂ ಅನ್ನು ಗುಂಪಿನ ನಡುವಿನ ಉದ್ದ ಹಿಡಿದು ಲೆಕ್ಕ ಹಾಕಿದ್ದು.

| ನಡುವಿನ ಉದ್ದ | ನೋಡಿದ್ದು | ಶೇಕಡಾ | ಹೆಚ್ಚಿನ ಪ್ರತಿ ನಿಮಿಷಕ್ಕೆ ಸಿಕ್ಕಿದ್ದು |
|---|---|---|---|
| 5 ನಿ. | 2:40 | 53 | – |
| 7.5 ನಿ. | 3:35 | 48 | 22 ಸೆ. |
| 10.5 ನಿ. | 4:30 | 43 | 18 ಸೆ. |
| 14 ನಿ. | 4:45 | 34 | 4 ಸೆ. |
| 19 ನಿ. | 4:50 | 25 | 1 ಸೆ. |

ನೋಡಬೇಕಾದ್ದು ಕೊನೇ ಕಾಲಂ. ಐದರಿಂದ ಏಳೂವರೆಗೆ ಹೋದಾಗ, ನಾವು ಸೇರಿಸಿದ ಒಂದೊಂದು ನಿಮಿಷಕ್ಕೂ ಜನ 22 ಸೆಕೆಂಡ್ ಜಾಸ್ತಿ ಕೂತರು. ಹತ್ತೂವರೆವರೆಗೂ ಹೆಚ್ಚುಕಡಿಮೆ ಅದೇ ದರ. ಅಲ್ಲಿಂದ ಆಚೆಗೆ ದರ ಧಡಾರನೆ ಬಿತ್ತು. ಹದಿನಾಲ್ಕರಿಂದ ಹತ್ತೊಂಬತ್ತಕ್ಕೆ ಐದು ನಿಮಿಷ ಸೇರಿಸಿ ಗಳಿಸಿದ್ದು ಐದೇ ಸೆಕೆಂಡ್. ಅಂದರೆ ನಮ್ಮ ಹೊಲದ ವಿಡಿಯೊಗಳ ಜಾಗ ಹತ್ತರಿಂದ ಹನ್ನೆರಡು ನಿಮಿಷದ ಒಳಗೆ. ತಮ್ಮನ ಐದೂ ಅಲ್ಲ, ನನ್ನ ಹದಿನೈದೂ ಅಲ್ಲ. ಇಬ್ಬರಿಗೂ ಅಷ್ಟೇನೂ ಖುಷಿ ಆಗಲಿಲ್ಲ.

ಒಂದು ಎಚ್ಚರಿಕೆ. ಒಂದು ಗುಂಪಿನಲ್ಲಿ ಐದಾರು ವಿಡಿಯೊ ಆದರೂ ಇರಬೇಕು. ಎರಡೋ ಮೂರೋ ಇದ್ದರೆ ಮೀಡಿಯನ್ ಅನ್ನೋದು ಹೆಸರಿಗಷ್ಟೇ. ಇನ್ನೊಂದು, ಜನ ಎಲ್ಲಿಂದ ಬಂದರು ಅನ್ನೋದು. `Advanced mode`ನಲ್ಲೇ `Traffic source` ಫಿಲ್ಟರ್ ಹಾಕಿ, ಬರೀ ಯೂಟ್ಯೂಬ್ ಸರ್ಚ್‌ನಿಂದ ಬಂದವರ ಲೆಕ್ಕ ಮತ್ತೆ ಇಳಿಸಿ ಇದೇ ಮೆಟ್ಟಿಲು ಹಾಕಿದೆವು. ಅಂಕಿಗಳು ಸ್ವಲ್ಪ ಮೇಲೆ ಕೆಳಗೆ ಆದವು, ಬಾಗು ಬಂದದ್ದು ಅಲ್ಲೇ. ಅದು ಬೇರೆ ಕಡೆ ಸರಿದಿದ್ದರೆ ಮೊದಲಿನ ಮೆಟ್ಟಿಲನ್ನು ನಾನು ನಂಬುತ್ತಿರಲಿಲ್ಲ.

ಇಂಪ್ರೆಷನ್‌ಗೆ, ಅಂದರೆ ಥಂಬ್‌ನೇಲ್ ಒಂದು ಸಲ ಕಣ್ಣಿಗೆ ಬಿದ್ದದ್ದಕ್ಕೆ, ಎಷ್ಟು ಸೆಕೆಂಡ್ ನೋಡಿದರು ಅನ್ನೋ ನಾಲ್ಕನೇ ಗ್ರಾಫನ್ನೂ ಹಾಕಿದೆವು. ಅದರಲ್ಲಿ ಥಂಬ್‌ನೇಲ್ ಗುಣವೂ ಸೇರಿಕೊಳ್ಳುತ್ತದೆ, ಉದ್ದದ ಮಾತು ಕೇಳಿಸಲ್ಲ. ಬಿಟ್ಟೆವು.

ಉದ್ದದ ವಿಡಿಯೊ ಹತ್ತು ನಿಮಿಷದ ಆಚೆಗೆ ಯಾಕೆ ದಣಿಯಿತು ಅನ್ನೋದನ್ನು ಈ ಮೂರರಲ್ಲಿ ಯಾವುದೂ ಹೇಳಲ್ಲ. ಅದಕ್ಕೆ ಒಂದೊಂದೇ ವಿಡಿಯೊದ ರಿಟೆನ್ಷನ್ ಗೆರೆ ನೋಡಬೇಕು. ನಮ್ಮ ಕಾಯಿಕೊರಕದ ವಿಡಿಯೊ 17 ನಿಮಿಷದ್ದು. 30ನೇ ಸೆಕೆಂಡಿಗೆ 62 ಶೇಕಡಾ ಜನ ಉಳಿದಿದ್ದರು. ರೈತ ಬಾಂಧವರಿಗೆ ನಮಸ್ಕಾರ, ಹೊಲದ ಮಾಲೀಕರ ಪರಿಚಯ ಎಲ್ಲಾ ಮುಗಿದು ಒಂದೂವರೆ ನಿಮಿಷ ಆಗೋಷ್ಟರಲ್ಲಿ 45. ಅಲ್ಲಿಂದ ಗೆರೆ ಗಟ್ಟಿಯಾಗಿ ನಿಂತಿತು. ಗಿಡದ ಕೆಳಗೆ ಹಳೇ ಸೀರೆ ಹಾಸಿ, ಗಿಡ ಅಲುಗಾಡಿಸಿ, ಬಿದ್ದ ಹುಳ ಎಣಿಸಿ ಸ್ಪ್ರೇ ಬೇಕೋ ಬೇಡವೋ ಅಂತ ತೋರಿಸಿದ ಭಾಗ ಅದು. ಒಂಬತ್ತೂವರೆ ನಿಮಿಷಕ್ಕೂ 33 ಶೇಕಡಾ ಇದ್ದರು. ಆಮೇಲೆ ಡ್ರೋನ್ ಸ್ಪ್ರೇ ಶುರು ಮಾಡಿದೆವು. ಗೆರೆ ಒಂದೇ ಸಲಕ್ಕೆ 15ಕ್ಕೆ ಬಿತ್ತು. ನಮ್ಮ ಪಕ್ಕದ ಹೊಲದ ಕಾಕಾ ನೇರವಾಗೇ ಹೇಳಿದರು: "ನಮ್ಮಲ್ಲಿ ಬೆನ್ನಿಗ ಕಟ್ಕೊಳ್ಳೋ ಪಂಪ್ ಐತಿ ತಮ್ಮಾ. ಡ್ರೋನ್ ತಗೊಂಡ್ ಏನ್ ಮಾಡ್ಲಿ?"

ಹಾಗಾದರೆ ಕೊನೆಯ ಏಳೂವರೆ ನಿಮಿಷ ಕತ್ತರಿಸಿ ಬಿಸಾಡಿದರೆ ಆಯಿತಾ? ಲೆಕ್ಕ ಹಾಕಿದೆವು. ಆ ಭಾಗದಲ್ಲಿ ಸರಾಸರಿ ಶೇಕಡಾ ಹತ್ತು ಜನ ಕೂತಿದ್ದರು ಅಂದರೆ ಸರಾಸರಿಗೆ ಅದರ ಕೊಡುಗೆ 45 ಸೆಕೆಂಡ್. ಕತ್ತರಿಸಿದರೆ 4:50 ಇದ್ದದ್ದು ನಾಲ್ಕರ ಆಸುಪಾಸಿಗೆ ಬರುತ್ತದೆ, ಅಂದರೆ ಕತ್ತರಿಸೋದು ಸುಮ್ನೆ ನಷ್ಟ. ಆದರೆ ಡ್ರೋನ್ ಬೇಕಾದವನು ಬೇರೆ ಮನುಷ್ಯ. ಅವನಿಗೆ ಬೇರೆ ವಿಡಿಯೊ ಕೊಟ್ಟರೆ?

ಮುಂದಿನ ಹಂಗಾಮಿನಲ್ಲಿ ಹಾಗೇ ಮಾಡಿದೆವು. ಹುಳ ಎಣಿಸೋದು, ಸ್ಪ್ರೇ ಸಮಯ ಇವೆರಡಕ್ಕೆ ಹತ್ತು ನಿಮಿಷದ ಒಂದು. ಶುರುವಿನ ಪರಿಚಯ ತೆಗೆದು ನೇರ ಸೀರೆ ಹಾಸೋದರಿಂದಲೇ ಶುರು. ಡ್ರೋನ್‌ಗೆ ಆರೂವರೆ ನಿಮಿಷದ ಇನ್ನೊಂದು. ಮೊದಲನೆಯದರ ಸರಾಸರಿ 4:25 ಬಂತು, ಹಳೇದಕ್ಕಿಂತ 25 ಸೆಕೆಂಡ್ ಕಡಿಮೆ. ಡ್ರೋನಿನದು ಮೂರು ನಿಮಿಷ, ಅದನ್ನು ನೋಡಿದವರು ಬಹುಪಾಲು ಸರ್ಚ್‌ನಿಂದ ಬಂದವರು. ಎರಡೂ ಬೇರೆ ಬೇರೆ ಜನ ನೋಡಿದ್ದು, ಹಾಗಾಗಿ 4:25ಕ್ಕೆ 3:00 ಕೂಡಿಸಿ ಗೆದ್ದೆವು ಅನ್ನೋ ಹಾಗಿಲ್ಲ. ಕೂಡಿಸಬೇಕಾದ್ದು ಒಟ್ಟು ವಾಚ್ ಟೈಮ್. ಅದು ಎರಡೂ ಸೇರಿ ಹಳೇ ವಿಡಿಯೊದ ಅಷ್ಟೇ ದಿನಗಳ ಲೆಕ್ಕಕ್ಕಿಂತ ಮೇಲಿತ್ತು. ಹಂಗಾಮು ಬೇರೆ, ಹುಳದ ಕಾಟವೂ ಬೇರೆ, ಅದನ್ನೂ ತಲೆಯಲ್ಲಿ ಇಟ್ಟುಕೊಂಡಿದ್ದೇವೆ.

ರೇಟಿನ ವಿಡಿಯೊಗಳಿಗೆ ಇದೇ ಮೆಟ್ಟಿಲು ಹಾಕಿದರೆ ಮೆಟ್ಟಿಲೇ ಕಾಣಲಿಲ್ಲ, ಮೂರು ನಿಮಿಷದಿಂದಲೇ ಗೆರೆ ಚಪ್ಪಟೆ. ಈಗ ಅವನ್ನು ಎರಡೂವರೆ ನಿಮಿಷಕ್ಕೆ ಮುಗಿಸುತ್ತೇವೆ. ರೇಟು ಮೊದಲು, ಹವಾಮಾನ ಆಮೇಲೆ.