ಫೋನಿನಲ್ಲೇ ಪ್ರೂಫ್ ತಿದ್ದುವವರಿಗೆ: ಪಿಡಿಎಫ್ ಆಪ್ ಬಗ್ಗೆ ಬಹಳ ದಿನದ ಬಳಕೆಯ ಮಾತು

ಮೊದಲು ನನ್ನ ಸಿಟ್ಟನ್ನೇ ಹೇಳಿಬಿಡುತ್ತೇನೆ. ಪಿಡಿಎಫ್ ಆಪ್‌ನಲ್ಲಿ ನಾವು ಎಳೆದ ಗೆರೆ, ಹಾಕಿದ ಸಹಿ ನಮ್ಮ ಫೋನಿನಲ್ಲಿ ಚೆನ್ನಾಗಿ ಕಾಣುತ್ತದೆ. ಅದೇ ಕಡತ ಇನ್ನೊಬ್ಬರ ಕೈಗೆ ಹೋದಾಗ ಅಲ್ಲೂ ಕಂಡೇ ಕಾಣುತ್ತದೆ ಎಂಬ ಖಾತರಿ ಇಲ್ಲ. ಈ ಮಾತನ್ನು ಆಪ್ ಎಲ್ಲಿಯೂ ನಮಗೆ ಹೇಳುವುದಿಲ್ಲ. ಆಪ್ ಹೆಸರು ಬರೆಯುತ್ತಿಲ್ಲ. ನಾನು ಬಳಸಿ ನೋಡಿದ ಬೇರೆ ಆಪ್‌ಗಳಲ್ಲೂ ಇದೇ ಕಥೆ.

ನಾನಿರುವುದು ಕುಮಟಾ ತಾಲೂಕಿನ ಒಂದು ಹಳ್ಳಿಯಲ್ಲಿ. ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಿಯಾದವಳು. ನಮ್ಮೂರ ಶಾಲೆಯ ಸ್ಮರಣ ಸಂಚಿಕೆ, ಸಂಘದ ವಾರ್ಷಿಕ ವರದಿ, ದೇವಸ್ಥಾನದ ಕಿರುಹೊತ್ತಿಗೆ, ಎಲ್ಲದರ ಪ್ರೂಫ್ ನೋಡುವುದು ನನ್ನ ಪಾಲಿಗೆ ಬಂದಿದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಪ್ರೆಸ್ ಇರುವುದು ಶಿರಸಿಯಲ್ಲಿ. ಮಳೆಗಾಲದಲ್ಲಿ ದೇವಿಮನೆ ಘಟ್ಟ ಹತ್ತಿ ಹೋಗಿ ಬರುವುದೆಂದರೆ ಒಂದು ದಿನದ ಕೆಲಸ. ಹಾಗಾಗಿ ಪ್ರೂಫ್ ವಾಟ್ಸ್ಆಪ್‌ನಲ್ಲಿ ಬರುತ್ತದೆ, ತಿದ್ದಿ ವಾಟ್ಸ್ಆಪ್‌ನಲ್ಲೇ ಕಳಿಸುತ್ತೇನೆ.

ಶಾಲೆಯ ಸಂಚಿಕೆಯ ಎರಡನೇ ಪ್ರೂಫ್ ತಿದ್ದಿ ಕಳಿಸಿದ್ದೆ. ಪುಟದ ತುಂಬಾ ಕೆಂಪು ಗೆರೆ. ಮಾರನೇ ದಿನ ಡಿಟಿಪಿ ಮಾಡುವ ಹುಡುಗ ಫೋನ್ ಮಾಡಿದ.

"ಅಕ್ಕೋರೆ, ಏನೂ ತಪ್ಪೇ ಇಲ್ವಲ್ಲ? ಹಾಗೇ ಪ್ರಿಂಟಿಗೆ ಕೊಡ್ಲಾ?"

"ಪ್ರತಿ ಪುಟಕ್ಕೂ ಗೆರೆ ಎಳೆದಿದ್ದೇನಲ್ಲ ತಮ್ಮಾ!"

"ನಾನು ಪ್ರಿಂಟ್ ತೆಗೆದು ನೋಡಿದೆ, ಎಲ್ಲಾ ಪುಟ ಖಾಲಿ ಉಂಟು."

ಇಬ್ಬರೂ ಹೇಳಿದ್ದು ನಿಜವೇ ಆಗಿತ್ತು. ಪಿಡಿಎಫ್‌ನಲ್ಲಿ ಪುಟದ ಅಕ್ಷರ, ಚಿತ್ರಗಳು ಒಂದು ಕಡೆ ಇರುತ್ತವೆ. ನಾವು ಆಮೇಲೆ ಹಾಕುವ ಹೈಲೈಟ್, ಪೆನ್ನಿನ ಗೆರೆ, ಟಿಪ್ಪಣಿಗಳು ಪುಟಕ್ಕೆ ಸೇರುವುದಿಲ್ಲ. ಪುಟದ ಮೇಲೆ ಹಾಸಿದ ಪಾರದರ್ಶಕ ಹಾಳೆಯ ಹಾಗೆ ಬೇರೆಯಾಗಿಯೇ ಉಳಿಯುತ್ತವೆ. ಆ ಹಾಳೆಯನ್ನು ತೋರಿಸಬೇಕೋ ಬೇಡವೋ ಎನ್ನುವುದು ತೆರೆಯುವ ಆಪ್‌ಗೆ ಬಿಟ್ಟದ್ದು. ಕಂಪ್ಯೂಟರಿನ ಅಕ್ರೋಬ್ಯಾಟ್‌ನಲ್ಲಿ ಪ್ರಿಂಟ್ ಕೊಡುವಾಗ `Comments & Forms` ಎಂಬ ಜಾಗ ಇದೆ. ಅಲ್ಲಿ `Document` ಎಂದಿದ್ದರೆ ಟಿಪ್ಪಣಿ, ಗೆರೆ ಯಾವುದೂ ಕಾಗದಕ್ಕೆ ಬರುವುದಿಲ್ಲ. `Document and Markups` ಎಂದಿದ್ದರೆ ಬರುತ್ತದೆ. ಆ ಹುಡುಗನ ಕಂಪ್ಯೂಟರಿನಲ್ಲಿ ಮೊದಲನೆಯದು ಆಯ್ಕೆಯಾಗಿ ಕೂತಿತ್ತು.

ಪ್ರತಿಯೊಬ್ಬರ ಕಂಪ್ಯೂಟರ್ ಸರಿ ಮಾಡಿಸುತ್ತಾ ಕೂರಲು ಆಗುವುದಿಲ್ಲ ಅಲ್ವಾ? ಅದಕ್ಕೆ ಗೆರೆಗಳನ್ನು ಪುಟಕ್ಕೇ ಅಂಟಿಸಿ ಕಳಿಸಬೇಕು. ನಾನು ಮಾಡುವುದು ಹೀಗೆ. ತಿದ್ದುವ ಕೆಲಸ ಮುಗಿದ ಮೇಲೆ ಆಪ್‌ನ ಮೆನುವಿನಲ್ಲಿ ಪ್ರಿಂಟ್ ಒತ್ತುತ್ತೇನೆ. ಪ್ರಿಂಟರ್ ಆಯ್ಕೆ ಮಾಡುವ ಜಾಗದಲ್ಲಿ `Save as PDF` ಇರುತ್ತದೆ. ಅದನ್ನು ಆರಿಸಿ ಹೊಸ ಹೆಸರಿನಲ್ಲಿ ಉಳಿಸುತ್ತೇನೆ. ಆಂಡ್ರಾಯ್ಡ್ ಫೋನಿನಲ್ಲೇ ಇರುವ ಸೌಲಭ್ಯ ಇದು, ದುಡ್ಡು ಕೊಡಬೇಕಾಗಿಲ್ಲ. ಉಳಿಸುವ ಮೊದಲು ಅದೇ ಪರದೆಯಲ್ಲಿ ಪುಟಗಳ ಚಿತ್ರ ಕಾಣುತ್ತದೆ. ಕೆಂಪು ಗೆರೆ ಅಲ್ಲಿ ಕಂಡರೆ ಪುಟಕ್ಕೆ ಸೇರಿತು ಎಂದು ಅರ್ಥ. ಕಾಣದಿದ್ದರೆ ಆ ಆಪ್ ಪ್ರಿಂಟಿಗೆ ಗೆರೆಗಳನ್ನು ಕೊಡುತ್ತಿಲ್ಲ, ಬೇರೆ ಆಪ್ ಹುಡುಕಬೇಕು. ಉಳಿಸಿದ ಕಡತವನ್ನು ಇನ್ನೊಂದು ಆಪ್‌ನಲ್ಲಿ ತೆರೆದು ನೋಡದೆ ನಾನು ಯಾರಿಗೂ ಕಳಿಸುವುದಿಲ್ಲ.

ಇದರಲ್ಲಿ ಒಂದು ನಷ್ಟವೂ ಇದೆ. ಕೆಲವು ಆಪ್‌ಗಳು ಹೀಗೆ ಉಳಿಸುವಾಗ ಇಡೀ ಪುಟವನ್ನು ಚಿತ್ರ ಮಾಡಿಬಿಡುತ್ತವೆ. ಅಕ್ಷರದ ಮೇಲೆ ಬೆರಳು ಒತ್ತಿ ಹಿಡಿದಾಗ ಪದ ಆಯ್ಕೆಯಾಗದಿದ್ದರೆ, ಹಿಗ್ಗಿಸಿದಾಗ ಅಂಚು ಮಸುಕಾದರೆ ಹಾಗಾಗಿದೆ ಎಂದು ತಿಳಿಯಬಹುದು. ಪ್ರೂಫಿಗೆ ಇದರಿಂದ ತೊಂದರೆಯಿಲ್ಲ. ಅಚ್ಚಿಗೆ ಹೋಗುವ ಅಸಲು ಕಡತ ಪ್ರೆಸ್ಸಿನವರ ಬಳಿಯೇ ಇರುತ್ತದೆ.

ಇನ್ನು ತಿದ್ದುವ ಕೆಲಸ. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂರುತ್ತೇನೆ. ಪಕ್ಕದಲ್ಲಿ ಒಂದು ಲೋಟ ಕಷಾಯ. ಮೊದಲು ಹಳೇ ಹತ್ತಿ ಸೀರೆಯ ತುಂಡಿನಿಂದ ಪರದೆ ಒರೆಸಬೇಕು. ಮಳೆಗಾಲದಲ್ಲಿ ಬೆರಳು ಸ್ವಲ್ಪ ಒದ್ದೆಯಿದ್ದರೂ ಗೆರೆ ನಡುವೆ ತುಂಡಾಗುತ್ತದೆ, ಇಲ್ಲವೇ ಎಲ್ಲೋ ಹಾರುತ್ತದೆ. ರಬ್ಬರ್ ತುದಿಯ ಅಗ್ಗದ ಪೆನ್ ಒಂದನ್ನು ಕುಮಟಾ ಪೇಟೆಯಲ್ಲಿ ತಂದೆ. ಬೆರಳಿಗಿಂತ ಎಷ್ಟೋ ವಾಸಿ.

ಪುಟವನ್ನು ಎರಡು ಪಟ್ಟು ಹಿಗ್ಗಿಸಿಕೊಂಡು ಎಡದಿಂದ ಬಲಕ್ಕೆ ಸರಿಸುತ್ತಾ ಓದುತ್ತೇನೆ. ಇದರಲ್ಲಿ ನಾನು ಎಣಿಸದ ಒಂದು ಸಂತೋಷ ಸಿಕ್ಕಿತು. ಕಾಗದದ ಮೇಲೆ ಕಣ್ಣು ತಪ್ಪಿಸುವ ಒತ್ತಕ್ಷರ, ದೀರ್ಘ, ಅನುಸ್ವಾರಗಳು ಇಲ್ಲಿ ದೊಡ್ಡದಾಗಿ ಎದುರು ನಿಲ್ಲುತ್ತವೆ. 'ಶಾಲೆಯ' ಎಂಬಲ್ಲಿ 'ಶಾಲೇಯ' ಆಗಿದ್ದರೆ ತಕ್ಷಣ ಸಿಗುತ್ತದೆ. ಒಮ್ಮೆಗೆ ನಾಲ್ಕೈದು ಪದ ಮಾತ್ರ ಕಾಣುವುದರಿಂದ ಅವಸರದಲ್ಲಿ ಓದಲು ಆಗುವುದೂ ಇಲ್ಲ. ಈಗ ಮನೆಯಲ್ಲಿ ಪ್ರಿಂಟ್ ಇದ್ದರೂ ಕೊನೆಯ ಓದನ್ನು ಫೋನಿನಲ್ಲೇ ಮಾಡುತ್ತೇನೆ.

ಹಿಗ್ಗಿಸಿದಾಗ ಗೆರೆಯ ದಪ್ಪದ ಬಗ್ಗೆ ಎಚ್ಚರ ಬೇಕು. ಪರದೆಯಲ್ಲಿ ದೊಡ್ಡದಾಗಿ ಕಂಡ ಗೆರೆ ಪೂರ್ತಿ ಪುಟದಲ್ಲಿ ಕೂದಲೆಳೆಯಾಗಿರುತ್ತದೆ. ಸ್ವಲ್ಪ ದಪ್ಪ ಗೆರೆ ಇಟ್ಟುಕೊಂಡು, ತಪ್ಪಿಗೆ ಸುತ್ತು ಹಾಕಿ, ಅಂಚಿನವರೆಗೆ ಎಳೆದು, ಅಲ್ಲಿ 1, 2, 3 ಎಂದು ಅಂಕಿ ಬರೆಯುತ್ತೇನೆ. ಸರಿಯಾದ ಪದವನ್ನು ಪುಟದ ಮೇಲೆ ಬರೆಯುವುದಿಲ್ಲ. ಅದನ್ನು ವಾಟ್ಸ್ಆಪ್‌ನಲ್ಲಿ ಟೈಪ್ ಮಾಡುತ್ತೇನೆ: "ಪುಟ 14, ಗುರುತು 2: ಶಾಲೇಯ ಅಲ್ಲ, ಶಾಲೆಯ."

ಹೀಗೆ ಸುತ್ತುಬಳಸಿ ಮಾಡಲು ಕಾರಣ ಉಂಟು. ಆಪ್‌ನ ಅಕ್ಷರದ ಪೆಟ್ಟಿಗೆಯಲ್ಲಿ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರಗಳು ಬಿಡಿಯಾಗಿ ಕೂರುತ್ತವೆ. 'ಸ್ತ್ರೀ' ಎಂದು ಬರೆದರೆ ಸ, ತ, ರೀ ಬೇರೆ ಬೇರೆ, ನಡುವೆ ಅರ್ಧಾಕ್ಷರದ ಚಿಹ್ನೆ. ತಿದ್ದುಪಡಿಯೇ ತಪ್ಪಾಗಿ ಕಂಡರೆ ಡಿಟಿಪಿಯವನು ಏನು ಮಾಡಬೇಕು? ಹಳದಿ ಚೀಟಿಯ ಟಿಪ್ಪಣಿಯಲ್ಲಿ ಕನ್ನಡ ಸರಿಯಾಗಿಯೇ ಬರುತ್ತದೆ. ಆದರೆ ಪ್ರಿಂಟ್ ಮಾಡಿ ಅಂಟಿಸಿದಾಗ ಚೀಟಿಯ ಗುರುತು ಉಳಿದರೂ ಒಳಗಿನ ಮಾತು ಹೋಗುತ್ತದೆ. ಪ್ರೆಸ್ಸಿನವರು ಹಳೇ ನುಡಿ ಫಾಂಟ್‌ನಲ್ಲಿ ಕೆಲಸ ಮಾಡಿದ್ದರೆ ಹುಡುಕುವ ಸೌಲಭ್ಯವೂ ನಡೆಯುವುದಿಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ನಾವು ಕನ್ನಡ ಕೀಲಿಮಣೆಯಲ್ಲಿ ಪದ ಕೊಟ್ಟರೆ ಸಿಗುವುದೇ ಇಲ್ಲ. ಕಣ್ಣಿನಿಂದಲೇ ಹುಡುಕಬೇಕು.

ಪುಟ ಜೋಡಿಸುವ ಕೆಲಸದಲ್ಲಿ ಆಪ್ ಬಗ್ಗೆ ನನ್ನ ಸಿಟ್ಟು ಸುಮಾರು ಇಳಿಯಿತು.

ಸಂಚಿಕೆ ನಡುವೆ ಪಿನ್ ಹೊಡೆಯುವಂಥದ್ದು, ಒಳಪುಟ 64, ಹೊದಿಕೆ ಬೇರೆ. ನಡುವಿನ 32 ಮತ್ತು 33ನೇ ಪುಟದಲ್ಲಿ ಇಡೀ ಶಾಲೆಯ ಗುಂಪು ಫೋಟೋ ಹಾಕಿದ್ದೆವು. ಪುಸ್ತಕ ಬಿಚ್ಚಿದರೆ ಎರಡೂ ಪುಟ ಸೇರಿ ಒಂದೇ ಚಿತ್ರ. ಅಚ್ಚಿಗೆ ಹೋಗುವ ಹೊತ್ತಿಗೆ ಒಂದು ಪೂರ್ತಿ ಪುಟದ ಜಾಹೀರಾತು ಬಂತು. ಅದನ್ನು 13ಕ್ಕೆ ಹಾಕಿ, ಕೊನೆಯ ಖಾಲಿ ಪುಟ ತೆಗೆದರು. ಒಟ್ಟು ಲೆಕ್ಕ ಸರಿಯೇ ಇತ್ತು. ಆದರೆ ಫೋಟೋ ಒಂದು ಪುಟ ಮುಂದೆ ಹೋಗಿ 33 ಮತ್ತು 34ರಲ್ಲಿ ಕೂತಿತು. 33 ಬಲಗಡೆಯ ಪುಟ, 34 ಅದೇ ಹಾಳೆಯ ಹಿಂಬದಿ. ಅರ್ಧ ಮಕ್ಕಳು ಈ ಕಡೆ, ಅರ್ಧ ಮಕ್ಕಳು ಆ ಕಡೆ.

ಫೋನಿನಲ್ಲಿ ಒಂದೊಂದೇ ಪುಟ ಓದುತ್ತಾ ಹೋದರೆ ಇದು ಗೊತ್ತಾಗುವುದೇ ಇಲ್ಲ. ಪುಟಗಳನ್ನೆಲ್ಲ ಸಣ್ಣ ಚಿತ್ರವಾಗಿ ತೋರಿಸುವ ಪರದೆಗೆ ಹೋಗಿ ಎಣಿಸಿದಾಗ ಸಿಕ್ಕಿತು. ಪರಿಹಾರ ಸುಲಭ. ಫೋಟೋಕ್ಕಿಂತ ಮೊದಲಿನ ಒಂದು ಪುಟವನ್ನು ತೆಗೆದು ಫೋಟೋದ ನಂತರ ಹಾಕಿದರೆ ಫೋಟೋ ಮತ್ತೆ 32, 33ಕ್ಕೆ ಬರುತ್ತದೆ. 27ರಲ್ಲಿ ಒಂದೇ ಪುಟದ ಕವನ ಇತ್ತು. ಅದನ್ನು ಬೆರಳಿನಲ್ಲಿ ಒತ್ತಿ ಹಿಡಿದು ಎಳೆದು ಫೋಟೋದ ಆಚೆ ಬಿಟ್ಟೆ. ಫೋನನ್ನು ಅಡ್ಡ ಹಿಡಿದರೆ ಸಾಲಿಗೆ ಜಾಸ್ತಿ ಪುಟ ಕಾಣುವುದರಿಂದ ಎಳೆಯುವ ದೂರ ಕಡಿಮೆ. ಬಹಳ ದೂರ ಎಳೆಯಬೇಕಿದ್ದರೆ ಪರದೆ ತಾನೇ ಓಡಲು ಶುರುಮಾಡಿ ಪುಟ ಎಲ್ಲೆಲ್ಲೋ ಬೀಳುತ್ತದೆ. ಆಗ ಸ್ವಲ್ಪ ಸ್ವಲ್ಪವೇ ಸರಿಸುವುದು ಒಳ್ಳೆಯದು. ಶುರು ಮಾಡುವ ಮೊದಲು ಕಡತದ ಒಂದು ಪ್ರತಿ ತೆಗೆದಿಡಿ.

ಇಲ್ಲಿ ಗೊಂದಲ ಮಾಡುವುದು ಪುಟಸಂಖ್ಯೆ. ಹೊದಿಕೆಯ ಮುಂದಿನ ಎರಡು ಪುಟವನ್ನೂ ಆಪ್ ಎಣಿಸುತ್ತದೆ. ಹಾಗಾಗಿ ಅಚ್ಚಿನ 27 ಎಂದರೆ ಆಪ್‌ನ 29. ನಾವು ಪುಟ ಸರಿಸಿದರೂ ಕೆಳಗೆ ಅಚ್ಚಾಗಿರುವ ಸಂಖ್ಯೆ ಬದಲಾಗುವುದಿಲ್ಲ. ನಾನು ಜೋಡಿಸಿದ ಕಡತ ಬರೀ ನಕ್ಷೆ, ನಿಜವಾದ ಬದಲಾವಣೆ ಆಗಬೇಕಾದ್ದು ಪ್ರೆಸ್ಸಿನ ಕಡತದಲ್ಲಿ. ಅದಕ್ಕೆ ಜೊತೆಗೆ ಹೀಗೆ ಬರೆದೆ: "ಅಚ್ಚಿನ ಸಂಖ್ಯೆ 27ರ ಕವನ ತೆಗೆದು ಫೋಟೋ ಆದ ಮೇಲೆ ಹಾಕಿ, ಅದು ಈಗ 34. ಈಗಿನ 28ರಿಂದ 34 ಒಂದೊಂದು ಹಿಂದೆ ಬರಬೇಕು. ಪರಿವಿಡಿಯಲ್ಲೂ ತಿದ್ದಿ." ಹುಡುಗ ಫೋನ್ ಮಾಡದೇ ಕೆಲಸ ಮುಗಿಸಿದ.

ಸಹಿ ಕೊನೆಗೆ. ಪುಟದ ಜೋಡಣೆ ಒಪ್ಪಿಗೆಯಾದ ಮೇಲೆ, 'ಅಚ್ಚಿಗೆ ಒಪ್ಪಿದೆ' ಎಂದು ಪೆನ್ನಿನಲ್ಲಿ ಬರೆದು ಸಹಿ, ತಾರೀಖು ಹಾಕುತ್ತೇನೆ. ಸಹಿಯನ್ನೂ ಹಾಗೆಯೇ ಅಂಟಿಸಿ ಕಳಿಸಬೇಕು, ಇಲ್ಲದಿದ್ದರೆ ಅದೂ ಪ್ರಿಂಟಿನಲ್ಲಿ ಮಾಯವಾಗಬಹುದು. ಮುಂದಿನ ಸಲಕ್ಕೆ ಸಹಿ ಉಳಿಸಿಡಲೇ ಎಂದು ಆಪ್ ಕೇಳುತ್ತದೆ. ನಾನು ಬೇಡ ಎನ್ನುತ್ತೇನೆ. ಮನೆಯಲ್ಲಿ ನನ್ನ ಫೋನನ್ನು ಎಲ್ಲರೂ ತೆಗೆಯುತ್ತಾರೆ.

ಇದು ಬರೀ ಸಹಿಯ ಚಿತ್ರ, ಡಿಜಿಟಲ್ ಸಹಿ ಅಲ್ಲ. ಪ್ರೆಸ್ಸಿಗೆ ಇಷ್ಟು ಸಾಕು. ಡಿಜಿಟಲ್ ಸಹಿ ಇರುವ ಸರ್ಕಾರಿ ದಾಖಲೆಯ ಪಿಡಿಎಫ್ ಮೇಲೆ ಈ ಕೆಲಸ ಯಾವುದನ್ನೂ ಮಾಡಬೇಡಿ. ಪುಟ ಸರಿಸಿದರೆ ಆ ಸಹಿಯ ಪರಿಶೀಲನೆ ಕೆಡುತ್ತದೆ, `Save as PDF` ಕೊಟ್ಟರೆ ಡಿಜಿಟಲ್ ಸಹಿ ಹೊಸ ಕಡತಕ್ಕೆ ಬರುವುದೇ ಇಲ್ಲ.

ದುಡ್ಡಿನ ಮಾತು. ಗೆರೆ ಎಳೆಯುವುದು, ಸಹಿ ಹಾಕುವುದು ಬಹಳ ಆಪ್‌ಗಳಲ್ಲಿ ಪುಕ್ಕಟೆ. ಪುಟ ಜೋಡಿಸುವುದಕ್ಕೆ ಚಂದಾ ಕೇಳುವ ಆಪ್‌ಗಳಿವೆ. ಪಿಂಚಣಿಯಲ್ಲಿ ಇರುವವಳಿಗೆ ವರ್ಷದ ಚಂದಾ ಹೊಂದುವುದಿಲ್ಲ. ಸಂಚಿಕೆ ಇರುವ ತಿಂಗಳು ಮಾತ್ರ ತೆಗೆದುಕೊಂಡು, ಅದೇ ದಿನ ಪ್ಲೇ ಸ್ಟೋರ್‌ಗೆ ಹೋಗಿ ಚಂದಾ ನಿಲ್ಲಿಸುತ್ತೇನೆ. ಕೊಟ್ಟ ತಿಂಗಳು ಮುಗಿಯುವವರೆಗೆ ಅದು ನಡೆಯುತ್ತದೆ. ಈ ಸಲ ಕುಮಟಾದ ಸೈಬರ್ ಸೆಂಟರಿನಲ್ಲಿ ಕೂರುವ ಪ್ರಸಂಗವೇ ಬರಲಿಲ್ಲ. ಕೋಷ್ಟಕಗಳೇ ತುಂಬಿದ ಲೆಕ್ಕಪತ್ರದ ವರದಿಗೆ ಮಾತ್ರ ಇವತ್ತಿಗೂ ದೊಡ್ಡ ಪರದೆಯೇ ಬೇಕು. ಅಡ್ಡ ಸಾಲು ಓದಲು ಪುಟ ಸರಿಸಿದರೆ ಮೇಲಿನ ತಲೆಬರಹ ಕಣ್ಣಿಂದ ಹೋಗುತ್ತದೆ. ಆ ವರದಿಯನ್ನು ನಾನು ಪ್ರಿಂಟ್ ತೆಗೆಸಿಯೇ ನೋಡುತ್ತೇನೆ.