ಇಂಡೊನೇಷ್ಯಾದ ಇ-ವ್ಯಾಲೆಟ್ ಪಟ್ಟಿಯ ಸ್ಕ್ರೀನ್‌ಶಾಟನ್ನೇ ಲೆಕ್ಕವೆಂದು ಒಪ್ಪಬೇಡಿ

ಜಕಾರ್ತದ ಪೂರ್ವಕ್ಕಿರುವ ಚಿಕಾರಾಂಗ್ ಕಾರ್ಖಾನೆ ಪ್ರದೇಶದಲ್ಲಿ ಕೆಲಸಕ್ಕೆಂದು ಬಂದು ಬಾಡಿಗೆ ಮನೆ ಹಂಚಿಕೊಳ್ಳುವ ಕನ್ನಡಿಗರು, ಮನೆಯ ಖರ್ಚನ್ನು ಬೇರೆಯವರ ಇ-ವ್ಯಾಲೆಟ್ ಮೂಲಕ ನಡೆಸುತ್ತಿದ್ದರೆ ದಯವಿಟ್ಟು ಇದನ್ನು ಓದಿ. ನಮ್ಮ ಮನೆಯಲ್ಲಿ ವಿದ್ಯುತ್ತು, ಕುಡಿಯುವ ನೀರು ಮತ್ತು ಶುಚಿಗೊಳಿಸುವವರ ಸಂಬಳವನ್ನು ಮಧ್ಯವರ್ತಿಯೊಬ್ಬರು ನೋಡಿಕೊಳ್ಳುತ್ತಿದ್ದರು. ನಾವು ಅವರ ವ್ಯಾಲೆಟ್ಟಿಗೆ ಹಣ ತುಂಬುತ್ತಿದ್ದೆವು, ತಿಂಗಳ ಕೊನೆಗೆ ಅವರು ವ್ಯವಹಾರ ಪಟ್ಟಿಯ ಸ್ಕ್ರೀನ್‌ಶಾಟ್ ಕಳುಹಿಸಿ ಲೆಕ್ಕ ಒಪ್ಪಿಸುತ್ತಿದ್ದರು. ಒಂದು ತಿಂಗಳು, ಕೊಟ್ಟ ಹಣ ಸಾಲದೆ ಕೈಯಿಂದ ಹಾಕಿದ್ದೇನೆಂದು 2,65,000 ರುಪಿಯಾ ಹೆಚ್ಚುವರಿ ಕೇಳಿದರು. ನಮ್ಮಲ್ಲೊಬ್ಬರು ಕೂಡಲೇ ಕಳುಹಿಸಿಯೂ ಬಿಟ್ಟರು. ಆ ಹಣ ಇಂದಿಗೂ ಹಿಂದಿರುಗಿಲ್ಲ. ವಾಸ್ತವದಲ್ಲಿ ಆ ತಿಂಗಳು ಅವರ ಬಳಿ ನಮ್ಮದೇ ಹಣ ಉಳಿದಿತ್ತು.

ಮೊದಲು ಅಂಕಿಯ ಬರವಣಿಗೆಯ ಮಾತು. ಅಲ್ಲಿ ಸಾವಿರದ ಗುರುತಿಗೆ ಅಲ್ಪವಿರಾಮವಿಲ್ಲ, ಚುಕ್ಕಿ ಬಳಸುತ್ತಾರೆ. Rp302.500 ಎಂದಿದ್ದರೆ ಅದು ಮುನ್ನೂರೆರಡೂವರೆಯಲ್ಲ, ಮೂರು ಲಕ್ಷದ ಎರಡು ಸಾವಿರದ ಐನೂರು ರುಪಿಯಾ. ಕೆಲವೆಡೆ ಸಾವಿರಕ್ಕೆ rb, ಹತ್ತು ಲಕ್ಷಕ್ಕೆ jt ಎಂದು ಮೊಟಕಾಗಿ ಬರೆದಿರುತ್ತದೆ. ಇಲ್ಲಿಂದ ಮುಂದೆ ನಮ್ಮ ರೂಢಿಯಂತೆಯೇ ಅಂಕಿಗಳನ್ನು ಬರೆಯುತ್ತೇನೆ.

ಆ ಸ್ಕ್ರೀನ್‌ಶಾಟಿನಲ್ಲಿದ್ದ ಸಾಲುಗಳು ಹೀಗಿದ್ದವು. Isi Saldo ಎಂಬ ಸಾಲಿನಲ್ಲಿ 10,00,000 ಜಮೆಯಾಗಿತ್ತು. ಇದು ನಾವು ತುಂಬಿದ ಹಣ, ಕೆಲವು ಆ್ಯಪ್‌ಗಳಲ್ಲಿ ಇದನ್ನೇ Top Up ಎಂದು ತೋರಿಸುತ್ತಾರೆ. ವಿದ್ಯುತ್ತಿನ Token Listrik ಸಾಲಿನಲ್ಲಿ 5,02,500 ಖರ್ಚು. ಶುಚಿಗೊಳಿಸುವವರ ಬ್ಯಾಂಕ್ ಖಾತೆಗೆಂದು ಮಾಡಿದ ವರ್ಗಾವಣೆಯ ಸಾಲು ಎರಡು ಬಾರಿ ಇತ್ತು, ಎರಡರಲ್ಲೂ 3,02,500. ನೀರಿನ ಕ್ಯಾನ್ ಮತ್ತು ಅಡುಗೆ ಅನಿಲಕ್ಕೆ ಅಂಗಡಿಯಲ್ಲಿ QRIS ಎಂಬ ಕ್ಯೂಆರ್ ಕೋಡ್ ಪಾವತಿಯ ಮೂಲಕ ಕೊಟ್ಟ 1,50,000. ಕೊನೆಯಲ್ಲಿ Cashback ಎಂದು 15,000 ಜಮೆ. ಮಧ್ಯವರ್ತಿಯವರು ನಾಲ್ಕು ಖರ್ಚುಗಳನ್ನು ಕೂಡಿ 12,57,500 ಮಾಡಿ, ಅದರ ಕೆಳಗೆ ಶುಲ್ಕಗಳೆಂದು ಇನ್ನೊಂದು 7,500 ಸೇರಿಸಿ, ಒಟ್ಟು 12,65,000 ಎಂದು ಬರೆದು ಕಳುಹಿಸಿದ್ದರು. ಸಾಲುಗಳು ನಿಜವಾದವೇ, ಚಿತ್ರವನ್ನು ತಿದ್ದಿರಲಿಲ್ಲ, ಕೂಡಿಕೆಯೂ ಸರಿಯಿತ್ತು. ಆದ್ದರಿಂದಲೇ ಇಂತಹ ಲೆಕ್ಕ ಮೇಲ್ನೋಟಕ್ಕೆ ಅನುಮಾನ ಹುಟ್ಟಿಸುವುದಿಲ್ಲ.

ದೊಡ್ಡ ಮೊತ್ತ ಅಡಗಿದ್ದುದು ಎರಡು ಬಾರಿ ಬಂದ ವರ್ಗಾವಣೆಯಲ್ಲಿ. ಪಟ್ಟಿಯ ಪ್ರತಿ ಸಾಲನ್ನೂ ಒತ್ತಿದರೆ ಅದರ ವಿವರದ ಪುಟ ತೆರೆದುಕೊಳ್ಳುತ್ತದೆ, ಅಲ್ಲಿ Status ಎಂಬಲ್ಲಿ ಆ ವ್ಯವಹಾರದ ಗತಿ ಬರೆದಿರುತ್ತದೆ. Berhasil ಎಂದರೆ ಹಣ ತಲುಪಿದೆ, Diproses ಎಂದರೆ ಇನ್ನೂ ದಾರಿಯಲ್ಲಿದೆ, Gagal ಎಂದರೆ ವ್ಯವಹಾರ ನಡೆದೇ ಇಲ್ಲ. ನಾವು ಪಟ್ಟು ಹಿಡಿದು ವಿವರದ ಪುಟಗಳನ್ನು ತರಿಸಿಕೊಂಡಾಗ, ಮೊದಲ ವರ್ಗಾವಣೆ Gagal ಆಗಿತ್ತು ಎಂಬುದು ಗೊತ್ತಾಯಿತು; ಎರಡನೆಯದು ಮಾತ್ರ ಶುಚಿಗೊಳಿಸುವವರ ಕೈ ಸೇರಿತ್ತು. ವಿಫಲವಾದ ವರ್ಗಾವಣೆಯ ಹಣ ವ್ಯಾಲೆಟ್ಟಿಗೇ ಮರಳುತ್ತದೆ, ಆದರೆ ಅದು ಮರಳಿದ್ದನ್ನು ಎಲ್ಲ ಆ್ಯಪ್‌ಗಳೂ ಒಂದೇ ರೀತಿ ತೋರಿಸುವುದಿಲ್ಲ. ಕೆಲವು Pengembalian Dana ಅಥವಾ Refund ಎಂಬ ಬೇರೆಯೇ ಜಮೆಯ ಸಾಲನ್ನು ಬರೆಯುತ್ತವೆ, ಇನ್ನು ಕೆಲವು ಮೂಲ ಸಾಲಿನ ಗತಿಯನ್ನಷ್ಟೇ ಬದಲಿಸಿ ಮೊತ್ತವನ್ನು ಹಾಗೆಯೇ ಬಿಡುತ್ತವೆ. ಬೇರೆ ಸಾಲಿದ್ದರೆ ಅದು ಕೆಲವು ದಿನ ತಡವಾಗಿ ಬಂದು, ಕಳುಹಿಸಿದ ಸ್ಕ್ರೀನ್‌ಶಾಟಿನ ಚೌಕಟ್ಟಿನಿಂದ ಹೊರಗುಳಿಯಲೂಬಹುದು. ಹಾಗಾಗಿ ಒಂದೇ ಮೊತ್ತ, ಒಂದೇ ಹೆಸರು ಎರಡು ಬಾರಿ ಕಂಡರೆ ಎರಡೂ ಸಾಲುಗಳ ವಿವರದ ಪುಟವನ್ನು, ಅದರಲ್ಲಿರುವ ವ್ಯವಹಾರ ಸಂಖ್ಯೆ ಕಾಣುವಂತೆ, ಕೇಳಿ ಪಡೆಯಬೇಕು. ಹಣ ಪಡೆದವರನ್ನೇ ವಿಚಾರಿಸುವುದು ಇನ್ನೂ ಒಳ್ಳೆಯದು. ಆ ಹೆಣ್ಣುಮಗಳು ತಮಗೆ 3,00,000 ಒಂದೇ ಬಾರಿ ಬಂದಿದೆ ಎಂದು ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದರು.

ಇನ್ನು ಶುಲ್ಕದ ವಿಷಯ. ವಿವರದ ಪುಟದಲ್ಲಿ ಮೂರು ಸಾಲುಗಳನ್ನು ಬೇರೆಬೇರೆಯಾಗಿ ನೋಡಬೇಕು: Nominal ಎಂಬುದು ಮೂಲ ಮೊತ್ತ, Biaya Admin ಅಥವಾ Biaya Transfer ಎಂಬುದು ಶುಲ್ಕ, Total ಎಂಬುದು ಎರಡೂ ಸೇರಿದ ಮೊತ್ತ. ನಮ್ಮ ಪಟ್ಟಿಯ ಹೊರಗಿನ ಸಾಲಿನಲ್ಲಿ ಕಾಣುತ್ತಿದ್ದುದು Total. ಅಂದರೆ 3,02,500ರಲ್ಲಿ 2,500 ಶುಲ್ಕ ಆಗಲೇ ಸೇರಿತ್ತು, ವಿದ್ಯುತ್ತಿನ 5,02,500ರಲ್ಲಿಯೂ ಹಾಗೆಯೇ. ಮಧ್ಯವರ್ತಿಯವರು ವಿಫಲವಾದ ವರ್ಗಾವಣೆಯದನ್ನೂ ಹಿಡಿದು ಮೂರು ಶುಲ್ಕಗಳನ್ನು ಮತ್ತೊಮ್ಮೆ ಕೂಡಿದ್ದರಿಂದ 7,500 ಎರಡನೆಯ ಸಲ ಲೆಕ್ಕಕ್ಕೆ ಬಂದಿತ್ತು. ಮೊತ್ತ ಸಣ್ಣದು ನಿಜ, ಆದರೆ ಪ್ರತಿ ತಿಂಗಳೂ ಪ್ರತಿ ವರ್ಗಾವಣೆಗೂ ಹೀಗೆ ಸೇರುತ್ತಿದ್ದರೆ ಅದು ಸಣ್ಣದಾಗಿ ಉಳಿಯುವುದಿಲ್ಲ. ಕೆಲವು ವ್ಯಾಲೆಟ್‌ಗಳು ತಿಂಗಳಿಗೆ ಇಂತಿಷ್ಟು ವರ್ಗಾವಣೆಗಳನ್ನು ಉಚಿತವಾಗಿ ಕೊಡುತ್ತವೆ. ಆಗ ಶುಲ್ಕದ ಜಾಗದಲ್ಲಿ Gratis ಎಂದಿರುತ್ತದೆ. QRIS ಪಾವತಿಯಲ್ಲಿ ಅಂಗಡಿಯವರು ಕಟ್ಟಬೇಕಾದ ಶುಲ್ಕವನ್ನು ಗಿರಾಕಿಯ ಮೇಲೆ ಹೊರಿಸಬಾರದೆಂದು ಅಲ್ಲಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಇಂಡೊನೇಷ್ಯಾದ ನಿಯಮವೇ ಇದೆ, ಆದ್ದರಿಂದ QRIS ಹೆಸರಿನಲ್ಲಿ ಯಾರಾದರೂ ಶುಲ್ಕ ಬರೆದರೆ ಅದನ್ನು ಪ್ರಶ್ನಿಸಿ.

ಒಂದು ಶುಲ್ಕ ಮಾತ್ರ ವ್ಯಾಲೆಟ್ಟಿನ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಬ್ಯಾಂಕಿನಿಂದ ಹಣ ತುಂಬಿದಾಗ ನಮ್ಮ ಖಾತೆಯಿಂದ 10,01,000 ಕಳೆದಿತ್ತು, ವ್ಯಾಲೆಟ್ಟಿನಲ್ಲಿ 10,00,000 ಮಾತ್ರ ಜಮೆಯಾಗಿತ್ತು. ನಡುವಿನ ಸಾವಿರ ಬ್ಯಾಂಕಿನ ಕಡೆಯಲ್ಲೇ ಹಿಡಿದ ಶುಲ್ಕ. ಅದು ತುಂಬಿದವರ ಖರ್ಚು, ಆದ್ದರಿಂದ ಮನೆಯ ಲೆಕ್ಕದಲ್ಲಿ ಅದನ್ನು ನಮ್ಮ ಬ್ಯಾಂಕ್ ಪಟ್ಟಿ ನೋಡಿ ಬರೆದುಕೊಳ್ಳಬೇಕು.

Cashback ಸಾಲನ್ನು ಮಧ್ಯವರ್ತಿಯವರು ಲೆಕ್ಕದಲ್ಲಿ ಹೇಳಿಯೇ ಇರಲಿಲ್ಲ. ನಮ್ಮ ಹಣದಿಂದ ಬಂದದ್ದು ನಮಗೇ ಸೇರಬೇಕೆಂಬುದು ನನ್ನ ಅಭಿಪ್ರಾಯ, ಆದರೆ ಅದನ್ನು ನಗದಾಗಿ ಕೇಳುವ ಮುನ್ನ ಒಂದು ವಿಷಯ ತಿಳಿದಿರಬೇಕು. ಈ 15,000 ಬಹಳ ಸಲ ಮುಖ್ಯ ಶಿಲ್ಕಿಗೆ ಸೇರದೆ Koin ಅಥವಾ Poin ಎಂಬ ಬೇರೆ ಗಂಟಿಗೆ ಸೇರುತ್ತದೆ. ಅಲ್ಲಿಂದ ಬ್ಯಾಂಕಿಗೆ ಕಳುಹಿಸಲು ಬರುವುದಿಲ್ಲ, ಮುಂದಿನ ಖರೀದಿಯಲ್ಲಿ ಕಳೆದುಕೊಳ್ಳಬಹುದಷ್ಟೇ, ಅದಕ್ಕೂ ಅವಧಿಯ ಮಿತಿ ಇರಬಹುದು. ಹೀಗಾಗಿ ಮುಂದಿನ ತಿಂಗಳ ಅಂಗಡಿ ಚೀಟಿಯಲ್ಲಿ 1,00,000 ಎಂದಿದ್ದರೂ ವಿವರದ ಪುಟದಲ್ಲಿ ಶಿಲ್ಕಿನಿಂದ 85,000, ಕಾಯಿನ್‌ನಿಂದ 15,000 ಎಂದು ಇಬ್ಭಾಗವಾಗಿರಬಹುದು; ನಾವು ಕೊಡಬೇಕಾದದ್ದು 85,000 ಮಾತ್ರ.

ಎಲ್ಲವನ್ನೂ ಸರಿಪಡಿಸಿದರೆ ಆ ತಿಂಗಳ ನಿಜವಾದ ಖರ್ಚು 5,02,500, 3,02,500 ಮತ್ತು 1,50,000 ಸೇರಿ 9,55,000. ಕಾಯಿನ್ ಬಿಟ್ಟು 45,000 ಶಿಲ್ಕು ಉಳಿಯಬೇಕಿತ್ತು. ಇದನ್ನು ಬರೆದು ಕೇಳಿದಾಗ ಮಧ್ಯವರ್ತಿಯವರು ಮೊದಲು ಆ್ಯಪ್‌ನ ದೋಷವೆಂದರು, ಆಮೇಲೆ ಉತ್ತರಿಸುವುದನ್ನೇ ನಿಲ್ಲಿಸಿದರು. ವ್ಯಾಲೆಟ್ಟಿನ ಗ್ರಾಹಕ ಸೇವೆಯವರು ಖಾತೆ ಯಾರದೋ ಅವರೊಂದಿಗೆ ಮಾತ್ರ ಮಾತನಾಡುತ್ತೇವೆಂದು ನಮ್ಮ ದೂರನ್ನು ತೆಗೆದುಕೊಳ್ಳಲಿಲ್ಲ. ಬೇರೆಯವರ ವ್ಯಾಲೆಟ್ಟಿಗೆ ಹಣ ತುಂಬಿದ ಮೇಲೆ ಅದರ ಮೇಲೆ ನಮಗೆ ಯಾವ ಹಿಡಿತವೂ ಉಳಿಯುವುದಿಲ್ಲ.

ಈಗ ನಾವು ಶುಚಿಗೊಳಿಸುವವರಿಗೆ ನೇರವಾಗಿ ಅವರ ಬ್ಯಾಂಕ್ ಖಾತೆಗೇ ಕಳುಹಿಸುತ್ತೇವೆ. ವಿದ್ಯುತ್ತಿಗೂ ಮಧ್ಯವರ್ತಿ ಬೇಕಿಲ್ಲ: ಮೀಟರಿನ ಮೇಲಿರುವ 11 ಅಂಕಿಯ ಸಂಖ್ಯೆ ತಿಳಿದಿದ್ದರೆ ಯಾರ ವ್ಯಾಲೆಟ್ಟಿನಿಂದಲಾದರೂ ಟೋಕನ್ ಕೊಳ್ಳಬಹುದು, ಬರುವ 20 ಅಂಕಿಗಳನ್ನು ಮೀಟರಿನಲ್ಲಿ ಒತ್ತಿದರೆ ಯೂನಿಟ್ಟುಗಳು ಅಲ್ಲೇ ಏರುವುದು ಕಾಣುತ್ತದೆ.